ಮೂರು ಪಿಕೋಫ್ಯಾರಡ್‌ನ ಭಾರ

ಬಿಸಿ 547 ಅನ್ನುವ ಟ್ರಾನ್ಸಿಸ್ಟರ್ ಎಲೆಕ್ಟ್ರಾನಿಕ್ಸ್ ಕಲಿಯುವವರ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಕಡಲೆಕಾಳಿನಷ್ಟು ಕರಿ ತಲೆ, ಮೂರು ಕಾಲು. ಡೇಟಾಶೀಟ್ ತೆರೆದರೆ ನೂರು ಮೆಗಾಹರ್ಟ್ಸ್ ದಾಟಿದ ಅಂಕಿ ಕಣ್ಣಿಗೆ ಬೀಳುತ್ತದೆ. ಅದನ್ನು ನಂಬಿ ನಾನೊಮ್ಮೆ ಮೀಡಿಯಂ ವೇವ್ ರೇಡಿಯೊಗೆಂದು ಬ್ರೆಡ್‌ಬೋರ್ಡ್ ಮೇಲೆ ಒಂದು ಆಂಪ್ಲಿಫೈಯರ್ ಕಟ್ಟಿದೆ. ನನಗೆ ಬೇಕಾಗಿದ್ದುದು 612 ಕಿಲೋಹರ್ಟ್ಸ್, ಆಕಾಶವಾಣಿ ಬೆಂಗಳೂರಿನ ಹಳೆಯ ಜಾಗ. ನೂರು ಮೆಗಾಹರ್ಟ್ಸ್ ಎಲ್ಲಿ, 612 ಕಿಲೋಹರ್ಟ್ಸ್ ಎಲ್ಲಿ? ಸಲೀಸಾಗಿ ಆಗುತ್ತದೆ ಅಂದುಕೊಂಡಿದ್ದೆ.

ಆಗಲಿಲ್ಲ. ಸಿಗ್ನಲ್ ಜನರೇಟರ್‌ನಿಂದ 10 ಮಿಲಿವೋಲ್ಟ್ ಕೊಟ್ಟೆ. ಒಂದು ಕಿಲೋಹರ್ಟ್ಸ್‌ನಲ್ಲಿ 0.4 ವೋಲ್ಟ್‌ಗಿಂತ ತುಸು ಹೆಚ್ಚೇ ಹೊರಬಂತು. ಆವರ್ತನ ಏರಿಸುತ್ತ ಹೋದಂತೆ 70 ಕಿಲೋಹರ್ಟ್ಸ್ ಹೊತ್ತಿಗೆ ಅದು ನೂರಕ್ಕೆ ಎಪ್ಪತ್ತರಷ್ಟಕ್ಕೆ ಇಳಿಯಿತು. 612ಕ್ಕೆ ಬಂದಾಗ ಉಳಿದಿದ್ದು 50 ಮಿಲಿವೋಲ್ಟ್ ಆಸುಪಾಸು.

ಸರ್ಕ್ಯೂಟ್‌ನಲ್ಲಿ ವಿಶೇಷವೇನೂ ಇರಲಿಲ್ಲ. ಎಮಿಟರ್ ಕಾಲನ್ನು ದೊಡ್ಡ ಕೆಪಾಸಿಟರ್ ಮೂಲಕ ನೆಲಕ್ಕೆ ಕಟ್ಟಿ, ಬೇಸ್‌ಗೆ ಸಿಗ್ನಲ್ ಕೊಟ್ಟು, ಕಲೆಕ್ಟರ್‌ನಿಂದ ಹೊರಗೆ ತೆಗೆಯುವ ವಿಧಾನ. ಇದಕ್ಕೆ ಕಾಮನ್ ಎಮಿಟರ್ ಎಂದು ಹೆಸರು. ಟ್ರಾನ್ಸಿಸ್ಟರ್‌ನಲ್ಲಿ 1 ಮಿಲಿಆಂಪ್ ಹರಿಯುತ್ತಿತ್ತು, ಕಲೆಕ್ಟರ್‌ಗೆ 4.7 ಕಿಲೋ ಓಮ್ ರೆಸಿಸ್ಟರ್ ಇತ್ತು. 1 ಮಿಲಿಆಂಪ್‌ನಲ್ಲಿ ಎಮಿಟರ್‌ನ ಒಳಗಿನ ರೆಸಿಸ್ಟೆನ್ಸ್ 26 ಓಮ್. 4,700ನ್ನು 26ರಿಂದ ಭಾಗಿಸಿದರೆ ಸುಮಾರು 180, ಅದೇ ಗೇನ್. ಬೇಸ್ ಒಂದು ಮಿಲಿವೋಲ್ಟ್ ಮೇಲೇರಿದರೆ ಕಲೆಕ್ಟರ್ 180 ಮಿಲಿವೋಲ್ಟ್ ಕೆಳಗಿಳಿಯುತ್ತದೆ. ಮೇಲೇರಿದರೆ ಕೆಳಗಿಳಿಯುತ್ತದೆ ಎನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅದರಲ್ಲೇ ಇದೆ.

ಬೇಸ್‌ಗೂ ಕಲೆಕ್ಟರ್‌ಗೂ ನಡುವೆ ಯಾರೂ ಹಾಕದ ಒಂದು ಕೆಪಾಸಿಟರ್ ಇದೆ. ಸಿಲಿಕಾನ್‌ನ ಎರಡು ಪದರ ಕೂಡುವ ಜಾಗದಲ್ಲಿ ಅದು ಹುಟ್ಟಿನಿಂದಲೇ ಬಂದಿರುತ್ತದೆ. ಈ ಟ್ರಾನ್ಸಿಸ್ಟರ್‌ನಲ್ಲಿ ಅದರ ಬೆಲೆ ಮೂರು ಪಿಕೋಫ್ಯಾರಡ್ ಎಂದಿಟ್ಟುಕೊಳ್ಳೋಣ. ನಾವು ಅಂಗಡಿಯಲ್ಲಿ ಕೊಳ್ಳುವ ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳ ಎದುರು ಇದು ಲೆಕ್ಕಕ್ಕೇ ಇಲ್ಲ.

ಒಂದು ರಬ್ಬರ್ ಪಟ್ಟಿಯ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ತುದಿ ಗೋಡೆಯ ಮೊಳೆಗೆ ಇರಲಿ. ನೀವು ಒಂದು ಅಂಗುಲ ಎಳೆದರೆ ಪಟ್ಟಿಯೂ ಒಂದು ಅಂಗುಲ ಹಿಗ್ಗುತ್ತದೆ, ಕೈಗೆ ಆಯಾಸವಿಲ್ಲ. ಈಗ ಮೊಳೆಯ ಬದಲು ಆ ತುದಿಯನ್ನು ಒಬ್ಬ ಜಗಳಗಂಟ ಹಿಡಿದಿದ್ದಾನೆ. ನೀವು ಒಂದು ಅಂಗುಲ ಮೇಲೆತ್ತಿದರೆ ಅವನು 180 ಅಂಗುಲ ಕೆಳಕ್ಕೆ ಜಗ್ಗುತ್ತಾನೆ. ಪಟ್ಟಿ ಅದೇ, ಆದರೆ ಹಿಗ್ಗಿದ್ದು 181 ಅಂಗುಲ. ನಿಮ್ಮ ಕೈಗೆ ಅದು 181 ಪಟ್ಟು ಬಿಗಿಯಾದ ಪಟ್ಟಿಯೇ ಸರಿ. ಕೆಪಾಸಿಟರ್‌ನ ವಿಷಯವೂ ಹೀಗೆಯೇ. ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ 181 ಮಿಲಿವೋಲ್ಟ್ ಬದಲಾಗುವುದರಿಂದ ಅಷ್ಟು ಪಟ್ಟು ವಿದ್ಯುದಾವೇಶವನ್ನು ಬೇಸ್ ಕಡೆಯವರೇ ತುಂಬಿಕೊಡಬೇಕು. ಮೂರು ಪಿಕೋಫ್ಯಾರಡ್ ಬೇಸ್‌ನ ಕಣ್ಣಿಗೆ 543 ಪಿಕೋಫ್ಯಾರಡ್ ಆಗಿ ಕಾಣುತ್ತದೆ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಜಾನ್ ಮಿಲ್ಟನ್ ಮಿಲ್ಲರ್. ಅವರ ಪ್ರಬಂಧ ಪ್ರಕಟವಾದದ್ದು 1920ರಲ್ಲಿ. ಆಗ ಟ್ರಾನ್ಸಿಸ್ಟರ್ ಇರಲಿಲ್ಲ, ಅವರು ನೋಡಿದ್ದು ಟ್ರಯೋಡ್ ವಾಲ್ವ್‌ನ ಗ್ರಿಡ್ ಮತ್ತು ಪ್ಲೇಟ್ ನಡುವಿನ ಕೆಪಾಸಿಟನ್ಸ್. ಗಾಜಿನ ಬುರುಡೆ ಹೋಗಿ ಸಿಲಿಕಾನ್ ಬಂದರೂ ಈ ತೊಂದರೆ ಮಾತ್ರ ಅವರ ಹೆಸರನ್ನೇ ಹೊತ್ತು ಉಳಿಯಿತು.

ಇನ್ನು ನನ್ನ ಬೋರ್ಡ್‌ನ ಲೆಕ್ಕ. ಬೇಸ್ ಮತ್ತು ಎಮಿಟರ್ ನಡುವೆಯೂ ಸುಮಾರು 40 ಪಿಕೋಫ್ಯಾರಡ್ ಇದೆ, ಒಟ್ಟು 583. ಸಿಗ್ನಲ್ ಬರುತ್ತಿದ್ದುದು 10 ಕಿಲೋ ಓಮ್ ದಾಟಿ. ಅದಕ್ಕೆ ಬಯಾಸ್ ರೆಸಿಸ್ಟರ್‌ಗಳನ್ನೂ ಟ್ರಾನ್ಸಿಸ್ಟರ್‌ನ ಸ್ವಂತ ಇನ್‌ಪುಟ್ ರೆಸಿಸ್ಟೆನ್ಸನ್ನೂ ಪಕ್ಕಪಕ್ಕಕ್ಕೆ ಜೋಡಿಸಿದರೆ ಬೇಸ್‌ಗೆ ಕಾಣುವುದು 2,400 ಓಮ್ ಚಿಲ್ಲರೆ. ಈ ರೆಸಿಸ್ಟೆನ್ಸ್ ಮೂಲಕ ಆ ಕೆಪಾಸಿಟನ್ಸ್ ತುಂಬಬೇಕು, ಖಾಲಿಯಾಗಬೇಕು. ಎಷ್ಟು ವೇಗದವರೆಗೆ ಸಾಧ್ಯ ಎನ್ನುವುದಕ್ಕೆ ಸೂತ್ರ ಇದು:

f = 1/(2πRC)

ಉತ್ತರ ಸುಮಾರು 113 ಕಿಲೋಹರ್ಟ್ಸ್. ಮಿಲ್ಲರ್‌ನ ಗುಣಾಕಾರ ಇಲ್ಲದೆ 43 ಪಿಕೋಫ್ಯಾರಡ್ ಮಾತ್ರ ಇದ್ದಿದ್ದರೆ ಒಂದೂವರೆ ಮೆಗಾಹರ್ಟ್ಸ್ ಸಿಗುತ್ತಿತ್ತು. ಇಲ್ಲಿ ಹಲವರು ಎಡವುತ್ತಾರೆ: ಟ್ರಾನ್ಸಿಸ್ಟರ್ ದಣಿದು ಗೇನ್ ಕಳೆದುಕೊಂಡಿತು ಅಂದುಕೊಳ್ಳುತ್ತಾರೆ. ಇಲ್ಲ, ಬೇಸ್‌ನಿಂದ ಕಲೆಕ್ಟರ್‌ಗೆ ಆಗಲೂ ಹೆಚ್ಚುಕಡಿಮೆ 180 ಪಟ್ಟು ಆಗುತ್ತಲೇ ಇದೆ. ಬೇಸ್‌ಗೆ ಬಂದು ಮುಟ್ಟುವ ಸಿಗ್ನಲ್ಲೇ ಸೊರಗಿರುತ್ತದೆ.

ಆದರೆ ನನ್ನ ಅಳತೆ 113 ಅಲ್ಲ, 70. ಇದು ನನ್ನನ್ನು ಒಂದು ಸಂಜೆ ಪೂರ್ತಿ ಕಾಡಿತು. ಕೊನೆಗೆ ಕಣ್ಣು ಹೋಗಿದ್ದು ಬ್ರೆಡ್‌ಬೋರ್ಡ್ ಮೇಲೆ. ಬಿಸಿ 547ರಲ್ಲಿ ಕಲೆಕ್ಟರ್ ಮತ್ತು ಬೇಸ್ ಅಕ್ಕಪಕ್ಕದ ಕಾಲುಗಳು, ಹಾಗಾಗಿ ಬೋರ್ಡ್‌ನಲ್ಲೂ ಅಕ್ಕಪಕ್ಕದ ಸಾಲುಗಳು. ಆ ಎರಡು ಲೋಹದ ಪಟ್ಟಿಗಳ ನಡುವೆ ಎರಡು ಪಿಕೋಫ್ಯಾರಡ್‌ನಷ್ಟು ಇರುವುದು ಮಾಮೂಲು. ಬೇರೆಲ್ಲಿಯಾದರೂ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಅದಕ್ಕೂ 181ರ ಗುಣಾಕಾರ: ಇನ್ನೂ 362 ಪಿಕೋಫ್ಯಾರಡ್. ಸೇರಿಸಿ ಲೆಕ್ಕ ಹಾಕಿದೆ, ಸರಿಯಾಗಿ 70 ಬಂತು.

ತಪ್ಪು ಮಿಲ್ಲರ್‌ನದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಬೇಸ್ ಮೇಲಿನ ಸಿಗ್ನಲ್ ಎರಡು ಮಿಲಿವೋಲ್ಟ್ ಚಿಲ್ಲರೆ, ಸಾಮಾನ್ಯ ಆಸಿಲೋಸ್ಕೋಪ್‌ನಲ್ಲಿ ಅದು ಗದ್ದಲದೊಳಗೆ ಮುಳುಗಿಹೋಗುತ್ತದೆ. ಸುಲಭದ ಪರೀಕ್ಷೆ ಎಂದರೆ 4.7 ಕಿಲೋ ಓಮ್ ತೆಗೆದು 470 ಓಮ್ ಹಾಕುವುದು. ಬೇಸ್ ಕಡೆ ಏನನ್ನೂ ಮುಟ್ಟಿಲ್ಲ. ಗೇನ್ ಹತ್ತನೇ ಒಂದಕ್ಕೆ, 18ಕ್ಕೆ ಇಳಿಯುತ್ತದೆ. ಇನ್‌ಪುಟ್‌ನಲ್ಲಿ ಬರೀ ಮಾಮೂಲಿ ಕೆಪಾಸಿಟನ್ಸ್ ಇದ್ದಿದ್ದರೆ ಮಿತಿ ಇದ್ದಲ್ಲೇ ಇರಬೇಕಿತ್ತು. ನನ್ನ ಬೋರ್ಡ್‌ನಲ್ಲಿ ಅದು 70ರಿಂದ 500 ಕಿಲೋಹರ್ಟ್ಸ್ ಹತ್ತಿರಕ್ಕೆ ನೆಗೆಯಿತು. ಕಲೆಕ್ಟರ್‌ನಲ್ಲಿ ಮಾಡಿದ ಬದಲಾವಣೆ ಬೇಸ್‌ಗೆ ತಿಳಿಯುತ್ತಿದೆ ಎಂದರೆ ನಡುವೆ ಆ ರಬ್ಬರ್ ಪಟ್ಟಿ ಇದ್ದೇ ಇದೆ.

ಗೇನ್ ಬಿಟ್ಟುಕೊಡದೆ ಪಾರಾಗುವ ದಾರಿ ಕ್ಯಾಸ್ಕೋಡ್. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮೇಲೆ ಇನ್ನೊಂದು ಟ್ರಾನ್ಸಿಸ್ಟರ್‌ನ ಎಮಿಟರ್ ಕೂರಿಸಿ, ಮೇಲಿನದರ ಬೇಸನ್ನು ಒಂದೇ ವೋಲ್ಟೇಜ್‌ನಲ್ಲಿ ಅಲುಗದಂತೆ ನಿಲ್ಲಿಸುತ್ತಾರೆ. ಕೆಳಗಿನದಕ್ಕೆ ಈಗ ಸಿಗುವ ಹೊರೆ 4,700 ಓಮ್ ಅಲ್ಲ, ಮೇಲಿನದರ 26 ಓಮ್. ಹಾಗಾಗಿ ಅದರ ಗೇನ್ ಬರೀ ಒಂದು, ಗುಣಾಕಾರ ಬರೀ ಎರಡು. ಕರೆಂಟ್ ಮಾತ್ರ ಹಾಗೇ ಮೇಲೆ ಹರಿದು 4.7 ಕಿಲೋ ಓಮ್‌ನಲ್ಲಿ ಪೂರ್ತಿ 180 ಪಟ್ಟಾಗುತ್ತದೆ. ಜಗಳಗಂಟ ಮಹಡಿಯ ಮೇಲೆ ಎಷ್ಟು ಬೇಕಾದರೂ ಕುಣಿಯಲಿ, ಪಟ್ಟಿ ಅವನ ಕೈಯಲ್ಲಿಲ್ಲ. ಎರಡು ರೂಪಾಯಿಯ ಇನ್ನೊಂದು ಬಿಸಿ 547 ಚುಚ್ಚಿದ್ದಕ್ಕೆ ನನ್ನ ಮಿತಿ ಒಂದು ಮೆಗಾಹರ್ಟ್ಸ್ ದಾಟಿತು. ಎರಡು ಟ್ರಾನ್ಸಿಸ್ಟರ್ ಒಂದರ ಮೇಲೊಂದು ನಿಲ್ಲಬೇಕಾದ್ದರಿಂದ ವೋಲ್ಟೇಜ್ ಸ್ವಲ್ಪ ಧಾರಾಳವಾಗಿರಬೇಕು. ಮೂರು ವೋಲ್ಟ್ ಸೆಲ್‌ನಲ್ಲಿ ಇದು ನಡೆಯದು, 12 ವೋಲ್ಟ್‌ನಲ್ಲಿ ಆರಾಮ.

ಈ ಪೀಡೆಯನ್ನು ಬೇಕೆಂದೇ ಕರೆದು ಕೂರಿಸಿಕೊಂಡವರೂ ಇದ್ದಾರೆ. 741 ಎಂಬ ಹಳೆಯ ಆಪ್ ಆಂಪ್ ಚಿಪ್‌ನ ವೇಗವನ್ನು ತಗ್ಗಿಸದಿದ್ದರೆ ಅದು ತನ್ನಷ್ಟಕ್ಕೆ ಊಳಿಡಲು ಶುರುಮಾಡುತ್ತದೆ. ತಗ್ಗಿಸಲು ಭಾರೀ ಕೆಪಾಸಿಟನ್ಸ್ ಬೇಕು, ಚಿಪ್‌ನಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಒಳಗಿನ ಗೇನ್ ಹಂತವೊಂದರ ಹೊರಬಾಗಿಲಿನಿಂದ ಒಳಬಾಗಿಲಿಗೆ 30 ಪಿಕೋಫ್ಯಾರಡ್ ಕಟ್ಟಿ, ಉಳಿದ ಗುಣಾಕಾರವನ್ನು ಮಿಲ್ಲರ್‌ಗೇ ಬಿಟ್ಟರು.