ಒಪ್ಪಂದದಲ್ಲಿ ಶೇ 20, ಲೆಕ್ಕದ ಪುಸ್ತಕದಲ್ಲಿ ಶೇ 12.5

ವಿದೇಶಿ ಕಂಪನಿಯೊಂದು ನಮ್ಮಲ್ಲಿ ಅಂಗಸಂಸ್ಥೆ ತೆರೆದು, ಅದರಿಂದ ತನ್ನ ಕೆಲಸ ಮಾಡಿಸಿಕೊಂಡು ಶುಲ್ಕ ಕೊಡುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಇಂಥ ಕಚೇರಿಗಳು ಸಾಕಷ್ಟಿವೆ. ಕೊಡುವವರೂ ಪಡೆಯುವವರೂ ಒಂದೇ ಮನೆಯವರಾದ್ದರಿಂದ ಆ ಶುಲ್ಕಕ್ಕೆ ಚೌಕಾಸಿ ನಡೆಯುವುದಿಲ್ಲ. ಶುಲ್ಕ ಕಡಿಮೆ ಇಟ್ಟರೆ ಇಲ್ಲಿಯ ಲಾಭ ಕುಗ್ಗಿ ಭಾರತಕ್ಕೆ ಬರಬೇಕಾದ ತೆರಿಗೆ ಕುಗ್ಗುತ್ತದೆ. ಹೆಚ್ಚಿಟ್ಟರೆ ಆ ದೇಶದ ತೆರಿಗೆ ಇಲಾಖೆ ಪ್ರಶ್ನೆ ಕೇಳುತ್ತದೆ. ಹಾಗಾಗಿಯೇ ಸಂಬಂಧವಿಲ್ಲದ ಇಬ್ಬರು ವ್ಯವಹರಿಸಿದ್ದರೆ ಎಷ್ಟು ಬೆಲೆ ಬರುತ್ತಿತ್ತೋ ಅದೇ ಬೆಲೆ ಇರಬೇಕು ಎಂಬ ನಿಯಮವನ್ನು ಭಾರತ 2001ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿತು. ಲೆಕ್ಕಪರಿಶೋಧಕರು ಇದನ್ನು 'ಆರ್ಮ್ಸ್ ಲೆಂಗ್ತ್' ದರ ಎನ್ನುತ್ತಾರೆ. ಅದನ್ನು ಕಂಡುಹಿಡಿಯಲು ಕಾನೂನು ಒಪ್ಪಿರುವ ವಿಧಾನಗಳಲ್ಲಿ ಒಂದು ಕಾಸ್ಟ್ ಪ್ಲಸ್, ಅಂದರೆ ತಗುಲಿದ ವೆಚ್ಚದ ಮೇಲೆ ನ್ಯಾಯವಾದ ಲಾಭಾಂಶ ಸೇರಿಸುವ ವಿಧಾನ.

ಕೇಳಲು ಸರಳ. ಅದೇ ಕಾರಣಕ್ಕೆ ಎಷ್ಟೋ ಕಂಪನಿಗಳು ಒಪ್ಪಂದದಲ್ಲಿ 'ವೆಚ್ಚ ಮತ್ತು ಅದರ ಮೇಲೆ ಶೇ 20' ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುತ್ತವೆ. ಒಪ್ಪಂದದ ಶೇಕಡಾವಾರು ಬಿಲ್ಲು ಬರೆಯುವ ಸೂತ್ರ ಮಾತ್ರ. ಅದು ಸರಿಯೇ ಎಂಬ ಪರೀಕ್ಷೆ ಬೇರೆ. ಆ ಪರೀಕ್ಷೆಯಲ್ಲಿ ಸೋಲುವವರು ಹೆಚ್ಚಾಗಿ ಎಡವುವುದು ಶೇಕಡಾವಾರಿನಲ್ಲಲ್ಲ, ಅದರ ಕೆಳಗಿರುವ ವೆಚ್ಚದಲ್ಲಿ.

ಒಂದು ಕಲ್ಪಿತ ಉದಾಹರಣೆಯನ್ನು ಹಿಡಿದು ನೋಡೋಣ. ಮೈಸೂರಿನಲ್ಲಿ ಯಂತ್ರಭಾಗಗಳ ವಿನ್ಯಾಸ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ತಯಾರಿಸುವ ಒಂದು ಕಂಪನಿ. ಅದರ ಎಲ್ಲ ಷೇರುಗಳೂ ಜರ್ಮನಿಯ ಮಾತೃಸಂಸ್ಥೆಯದು. ಎಂಜಿನಿಯರುಗಳ ದುಡಿಮೆಯ ಗಂಟೆಗಳಲ್ಲಿ ಶೇ 80 ಮಾತೃಸಂಸ್ಥೆಯ ಕೆಲಸಕ್ಕೆ ಹೋಗುತ್ತದೆ. ಉಳಿದ ಶೇ 20ರಲ್ಲಿ ಪುಣೆ ಮತ್ತು ಕೊಯಮತ್ತೂರಿನ ಎರಡು ಕಾರ್ಖಾನೆಗಳಿಗೆ ಅದೇ ಬಗೆಯ ನಕ್ಷೆಗಳನ್ನು ಮಾಡಿಕೊಡುತ್ತಾರೆ. ಈ ಕಾರ್ಖಾನೆಗಳಿಗೂ ಜರ್ಮನಿಯವರಿಗೂ ಯಾವ ಸಂಬಂಧವೂ ಇಲ್ಲ.

ಈ ಎರಡು ಹೊರಗಿನ ಗಿರಾಕಿಗಳಿರುವುದು ಕಂಪನಿಯ ಅದೃಷ್ಟ. ಸೇವೆಗಳ ವಿಷಯದಲ್ಲಿ ಕಾಸ್ಟ್ ಪ್ಲಸ್ ವಿಧಾನ ಚೆನ್ನಾಗಿ ಒಗ್ಗುವುದು ಇಂಥ ಕಡೆಯಲ್ಲೇ. ಈ ವಿಧಾನ ಕೇಳುವುದು ಉತ್ಪಾದನಾ ವೆಚ್ಚದ ಮೇಲಿನ ಒಟ್ಟು ಲಾಭಾಂಶವನ್ನು, ಆಡಳಿತ ಮತ್ತು ಮಾರಾಟದ ಖರ್ಚು ಕಳೆಯುವ ಮುಂಚಿನ ಲಾಭವನ್ನು. ಬೇರೆ ಕಂಪನಿಗಳ ವಾರ್ಷಿಕ ವರದಿಯಿಂದ ಅದನ್ನು ತೆಗೆಯುವುದು ಕಷ್ಟ. ನಮ್ಮ ಕಂಪನಿ ಕಾಯ್ದೆಯ 3ನೇ ಶೆಡ್ಯೂಲಿನ ಪ್ರಕಾರ ಲಾಭ–ನಷ್ಟದ ಪಟ್ಟಿಯಲ್ಲಿ ಖರ್ಚನ್ನು ಅದರ ಸ್ವರೂಪಕ್ಕೆ ತಕ್ಕಂತೆ ತೋರಿಸುತ್ತಾರೆ: ನೌಕರರ ವೆಚ್ಚ ಇಷ್ಟು, ಸವಕಳಿ ಇಷ್ಟು, ಇತರೆ ಇಷ್ಟು. ನಕ್ಷೆ ಬರೆದವರ ಸಂಬಳವೂ ಲೆಕ್ಕ ಬರೆದವರ ಸಂಬಳವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಅವುಗಳನ್ನು ಬಿಡಿಸಲು ಹೊರಗಿನವರಿಗೆ ದಾರಿಯಿಲ್ಲ. ಹೊರಗಿನ ಗಿರಾಕಿಗಳೇ ಇಲ್ಲದ ಅಂಗಸಂಸ್ಥೆಗಳು ಕಾಸ್ಟ್ ಪ್ಲಸ್ ಬಿಟ್ಟು, ಎಲ್ಲ ಖರ್ಚು ಕಳೆದ ಮೇಲಿನ ನಿವ್ವಳ ಲಾಭವನ್ನು ಹೋಲಿಸುವ ಟಿಎನ್‌ಎಂಎಂ ವಿಧಾನಕ್ಕೆ ಹೋಗುವುದು ಈ ಕಾರಣಕ್ಕೆ. ಬಿಲ್ಲಿನಲ್ಲಿ 'ಕಾಸ್ಟ್ ಪ್ಲಸ್' ಎಂದಿದ್ದ ಮಾತ್ರಕ್ಕೆ ಪರೀಕ್ಷೆಯ ವಿಧಾನವೂ ಕಾಸ್ಟ್ ಪ್ಲಸ್ ಆಗಬೇಕಿಲ್ಲ.

ಮೈಸೂರಿನ ಕಂಪನಿಯ ಬಜೆಟ್‌ನಲ್ಲಿ ಮಾತೃಸಂಸ್ಥೆಯ ಕೆಲಸಕ್ಕೆ ವರ್ಷದ ವೆಚ್ಚ 6 ಕೋಟಿ ರೂಪಾಯಿ ಎಂದಿತ್ತು. ಎಂಜಿನಿಯರುಗಳ ಸಂಬಳ 4.20 ಕೋಟಿ, ನಕ್ಷೆ ಸಾಫ್ಟ್‌ವೇರಿನ ಲೈಸೆನ್ಸ್ 60 ಲಕ್ಷ. ಮೇಲ್ವಿಚಾರಕರ ಸಂಬಳ, ಬಾಡಿಗೆ, ವಿದ್ಯುತ್ತು ಮತ್ತು ಕಂಪ್ಯೂಟರುಗಳ ಸವಕಳಿ ಸೇರಿ 1.20 ಕೋಟಿ. ಅದರ ಮೇಲೆ ಶೇ 20 ಸೇರಿಸಿ, ತಿಂಗಳಿಗೆ 60 ಲಕ್ಷದಂತೆ ವರ್ಷಕ್ಕೆ 7.20 ಕೋಟಿಯ ಇನ್‌ವಾಯ್ಸ್‌ಗಳು ಜರ್ಮನಿಗೆ ಹೋದವು.

ಈಗ ಹೊರಗಿನ ಗಿರಾಕಿಗಳ ಕಡೆ ತಿರುಗೋಣ. ನಿಜವಾದ ಕಡತದಲ್ಲಿ ಎರಡು ಕಾರ್ಖಾನೆಗಳ ಲೆಕ್ಕವನ್ನೂ ಬೇರೆ ಬೇರೆ ಮಾಡಿ ಸರಾಸರಿ ತೆಗೆಯುತ್ತಾರೆ. ಇಲ್ಲಿ ಸುಲಭಕ್ಕಾಗಿ ಎರಡನ್ನೂ ಕೂಡಿಸಿದ್ದೇನೆ. ಅವರ ಕೆಲಸಕ್ಕೆ ತಗುಲಿದ ಉತ್ಪಾದನಾ ವೆಚ್ಚ 1.60 ಕೋಟಿ, ಬಂದ ಹಣ 2.24 ಕೋಟಿ. ವೆಚ್ಚದ ಮೇಲೆ ಲಾಭಾಂಶ ಶೇ 40. ಒಂದು ಕಡೆ 20, ಇನ್ನೊಂದು ಕಡೆ 40. ತೆರಿಗೆ ಅಧಿಕಾರಿಯ ಕಣ್ಣು ಮೊದಲು ಬೀಳುವುದು ಇಲ್ಲಿಗೇ.

ಆದರೆ ಈ 40ನ್ನು ಹಾಗೆಯೇ ತೆಗೆದುಕೊಳ್ಳುವಂತಿಲ್ಲ. ಎರಡು ವ್ಯವಹಾರಗಳ ನಡುವಿನ ವ್ಯತ್ಯಾಸಗಳಿಗೆ ತಕ್ಕಂತೆ ಅದನ್ನು ಸರಿಹೊಂದಿಸಬೇಕು ಎಂದು ಆದಾಯ ತೆರಿಗೆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಪುಣೆ, ಕೊಯಮತ್ತೂರಿನ ಕೆಲಸ ತಾನಾಗಿ ಬಂದದ್ದಲ್ಲ. ಒಬ್ಬ ಮಾರಾಟ ಅಧಿಕಾರಿ ಓಡಾಡಿ, ಮಾದರಿ ತೋರಿಸಿ, ಕೊಟೇಶನ್ ಕೊಟ್ಟು ತಂದದ್ದು. ಆ ಖರ್ಚು 22.40 ಲಕ್ಷ, ಅಂದರೆ ವೆಚ್ಚದ ಶೇ 14. ಮಾತೃಸಂಸ್ಥೆಯ ಕೆಲಸ ಹಿಡಿಯಲು ಯಾರೂ ಓಡಾಡಬೇಕಿಲ್ಲ. ಜೊತೆಗೆ ಜರ್ಮನಿಯವರು ಒಂದು ತಿಂಗಳಲ್ಲಿ ಹಣ ಕಳಿಸುತ್ತಾರೆ, ಈ ಕಾರ್ಖಾನೆಗಳು ನಾಲ್ಕು ತಿಂಗಳು ತೆಗೆದುಕೊಳ್ಳುತ್ತವೆ. ಮೂರು ತಿಂಗಳು ಹೆಚ್ಚು ಕಾಯಬೇಕಾದ 2.24 ಕೋಟಿಗೆ ವರ್ಷಕ್ಕೆ ಶೇ 10ರ ಬಡ್ಡಿಯಲ್ಲಿ 5.60 ಲಕ್ಷ, ಅಂದರೆ ವೆಚ್ಚದ ಶೇ 3.5 ಆಗುತ್ತದೆ. 40ರಲ್ಲಿ 14 ಮತ್ತು 3.5 ಕಳೆದರೆ ಉಳಿಯುವುದು ಶೇ 22.5. ಮೈಸೂರಿನ ಕಂಪನಿ ಮಾತೃಸಂಸ್ಥೆಯಿಂದ ಪಡೆಯಬೇಕಿದ್ದ ಲಾಭಾಂಶ ಇದು.

ಬಜೆಟ್ ವೆಚ್ಚದ ಮೇಲೆ ಇಷ್ಟನ್ನು ಹಾಕಿದರೆ 7.35 ಕೋಟಿ ಬರುತ್ತದೆ. ಬಿಲ್ಲು ಮಾಡಿದ್ದು 7.20 ಕೋಟಿ, ಕೊರತೆ 15 ಲಕ್ಷ. ಸಗಟು ವ್ಯಾಪಾರವಲ್ಲದ ವ್ಯವಹಾರಗಳಿಗೆ ಸರ್ಕಾರ ಕಳೆದ ಹಲವು ವರ್ಷಗಳಿಂದ ನಡೆದ ಬೆಲೆಯ ಶೇ 3ರಷ್ಟು ವ್ಯತ್ಯಾಸವನ್ನು ಮನ್ನಿಸುತ್ತ ಬಂದಿದೆ. ಹೋಲಿಕೆಗೆ ಸಿಕ್ಕ ವ್ಯವಹಾರಗಳು ಆರಕ್ಕಿಂತ ಕಡಿಮೆ ಇದ್ದಾಗ ಈ ವಿನಾಯಿತಿ. ಆರು ಅಥವಾ ಹೆಚ್ಚಿದ್ದರೆ ಸರಾಸರಿಯ ಬದಲು 35ರಿಂದ 65ನೇ ಪರ್ಸೆಂಟೈಲ್‌ವರೆಗಿನ ವ್ಯಾಪ್ತಿ ಅನ್ವಯಿಸುತ್ತದೆ. 7.20 ಕೋಟಿಯ ಶೇ 3 ಎಂದರೆ 21.60 ಲಕ್ಷ. 15 ಲಕ್ಷದ ಕೊರತೆ ಅದರೊಳಗೇ ಇದೆ. ಕಂಪನಿ ಗೆದ್ದಿತು ಎನ್ನಿಸುತ್ತದೆ.

ಗೆಲ್ಲಲಿಲ್ಲ. ಪರೀಕ್ಷೆ ನಡೆಯುವುದು ನಿಜವಾಗಿ ಆದ ವೆಚ್ಚದ ಮೇಲೆ, ಬಜೆಟ್ಟಿನ ಮೇಲಲ್ಲ. ಮಾರ್ಚ್‌ನಲ್ಲಿ ಎಂಜಿನಿಯರುಗಳಿಗೆ ಕೊಟ್ಟ 30 ಲಕ್ಷದ ಬೋನಸ್ ಬಜೆಟ್‌ನಲ್ಲಿ ಇರಲಿಲ್ಲ. ಸಾಫ್ಟ್‌ವೇರ್ ಲೈಸೆನ್ಸ್ ನವೀಕರಿಸುವಾಗ 10 ಲಕ್ಷ ಹೆಚ್ಚು ಬಿತ್ತು. ವರ್ಷ ಮುಗಿದಾಗ ಪುಸ್ತಕದಲ್ಲಿದ್ದ ವೆಚ್ಚ 6.40 ಕೋಟಿ, ಇನ್‌ವಾಯ್ಸ್ ಮಾತ್ರ ತಿಂಗಳಿಗೆ ಅದೇ 60 ಲಕ್ಷ. 6.40 ಕೋಟಿಯ ಮೇಲೆ 7.20 ಕೋಟಿ ಎಂದರೆ ಲಾಭಾಂಶ ಶೇ 12.5. ಒಪ್ಪಂದದ ಶೇ 20 ಕಾಗದದ ಮೇಲಷ್ಟೇ ಉಳಿಯಿತು.

6.40 ಕೋಟಿಗೆ ಶೇ 22.5 ಸೇರಿಸಿದರೆ ಸರಿಯಾದ ಶುಲ್ಕ 7.84 ಕೋಟಿ. ಕೊರತೆ 64 ಲಕ್ಷ, 21.60 ಲಕ್ಷದ ಮಿತಿಯನ್ನು ದಾಟಿದೆ. ಮಿತಿ ದಾಟಿದ ಮೇಲೆ ಹೆಚ್ಚಾದ ಭಾಗವನ್ನಷ್ಟೇ ಅಲ್ಲ, ಇಡೀ 64 ಲಕ್ಷವನ್ನು ಕಂಪನಿಯ ಆದಾಯಕ್ಕೆ ಸೇರಿಸುತ್ತಾರೆ. ಶೇ 25.17ರ ದರದಲ್ಲಿ ಸುಮಾರು 16 ಲಕ್ಷ ತೆರಿಗೆ, ಮೇಲೆ ಬಡ್ಡಿ. ಜರ್ಮನಿಯಲ್ಲಿ ಅದೇ 64 ಲಕ್ಷಕ್ಕೆ ಮಾತೃಸಂಸ್ಥೆ ಆಗಲೇ ತೆರಿಗೆ ಕಟ್ಟಿರುತ್ತದೆ, ಏಕೆಂದರೆ ಅಲ್ಲಿ ಖರ್ಚು ಎಂದು ತೋರಿಸಿದ್ದು 7.20 ಕೋಟಿ ಮಾತ್ರ. ಒಂದೇ ಹಣಕ್ಕೆ ಎರಡು ದೇಶಗಳಲ್ಲಿ ತೆರಿಗೆ. ಅದನ್ನು ಬಿಡಿಸಿಕೊಳ್ಳಲು ಎರಡು ಸರ್ಕಾರಗಳ ಅಧಿಕಾರಿಗಳು ಮಾತುಕತೆ ನಡೆಸುವ ಪ್ರಕ್ರಿಯೆ ಇದೆ, ಆದರೆ ಅದು ವರ್ಷಗಟ್ಟಲೆ ಎಳೆಯುವಂಥದ್ದು.

ವೆಚ್ಚದಲ್ಲೇ ಇನ್ನೊಂದು ಕಡೆ ಕಣ್ಣಿಡಬೇಕು. ಮೇಲ್ವಿಚಾರಕರು, ಬಾಡಿಗೆ, ಕಂಪ್ಯೂಟರು ಎರಡೂ ಬಗೆಯ ಗಿರಾಕಿಗಳಿಗೆ ಸೇರಿದ ಖರ್ಚು, ಒಟ್ಟು 1.50 ಕೋಟಿ. ದುಡಿದ ಗಂಟೆಗಳ ಮೇಲೆ ಹಂಚಿದರೆ ಮಾತೃಸಂಸ್ಥೆಯ ಪಾಲು 1.20 ಕೋಟಿ, ಹೊರಗಿನವರ ಪಾಲು 30 ಲಕ್ಷ. ಅನೇಕರು ಗಂಟೆ ಲೆಕ್ಕ ಇಡುವ ತೊಂದರೆ ಯಾಕೆಂದು ಬಂದ ಆದಾಯದ ಪ್ರಮಾಣದಲ್ಲಿ ಹಂಚುತ್ತಾರೆ. ಆಗ ಸುಮಾರು 5.6 ಲಕ್ಷ ಹೊರಗಿನವರ ಕಡೆ ಸರಿಯುತ್ತದೆ. ಹೊರಗಿನವರ ಲಾಭಾಂಶ 40ರಿಂದ ಸುಮಾರು 35ಕ್ಕೆ ಇಳಿದು, ಮಾತೃಸಂಸ್ಥೆಯದು 12.5ರಿಂದ 13.5ಕ್ಕೆ ಏರಿ, ಅಂತರ ತಾನಾಗಿಯೇ ಕಿರಿದಾಗಿ ಕಾಣುತ್ತದೆ. ಯಾವ ಲಾಭಾಂಶ ಸರಿಯೇ ಎಂದು ನೋಡಬೇಕಿತ್ತೋ ಆ ಲಾಭಾಂಶ ಆದಾಯದೊಳಗೇ ಕೂತಿರುವುದರಿಂದ ಈ ಹಂಚಿಕೆ ಪರೀಕ್ಷೆಯನ್ನೇ ಕೆಡಿಸುತ್ತದೆ. ಅನುಭವಿ ಅಧಿಕಾರಿ ಟೈಮ್‌ಶೀಟ್ ಕೇಳುವುದು ಅದಕ್ಕೇ. ಟೈಮ್‌ಶೀಟ್ ಇಲ್ಲದ ಕಂಪನಿಯ ಕಾಸ್ಟ್ ಪ್ಲಸ್ ಲೆಕ್ಕವನ್ನು ನಾನಾದರೂ ನಂಬುವುದಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ವಾದಕ್ಕೆ ಜಾಗ ಉಳಿದೇ ಇರುತ್ತದೆ. ಜರ್ಮನಿಯ ಮಾರುಕಟ್ಟೆಯ ದರವೇ ಬೇರೆ, ಭಾರತದ ಕಾರ್ಖಾನೆಗಳ ಜೊತೆ ಹೋಲಿಸುವುದು ಸರಿಯಲ್ಲ ಎಂದು ಅಧಿಕಾರಿ ಹೇಳಬಹುದು. ವರ್ಷವಿಡೀ ಶೇ 80ರಷ್ಟು ಕೆಲಸ ಕೊಡುವ ಗಿರಾಕಿಗೆ ಯಾರಾದರೂ ಸ್ವಲ್ಪ ದರ ಇಳಿಸುತ್ತಾರೆ ಎಂದು ಕಂಪನಿ ಹೇಳಬಹುದು. ಎರಡೂ ಮಾತಿನಲ್ಲಿ ಹುರುಳಿದೆ. ಇಂಥ ವ್ಯತ್ಯಾಸವನ್ನು ಅಂಕಿಗೆ ಇಳಿಸಲು ಆಗದಿದ್ದರೆ, ಅಥವಾ ಹೊರಗಿನವರಿಗೆ ಮಾಡುವ ಕೆಲಸವೇ ಬೇರೆ ಬಗೆಯದಾಗಿದ್ದರೆ, ಕಾಸ್ಟ್ ಪ್ಲಸ್ ಕೈಬಿಡುವುದೇ ಪ್ರಾಮಾಣಿಕ ದಾರಿ.

1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ಲೆಕ್ಕದ ತರ್ಕ ಬದಲಾಗಿಲ್ಲ. ಇಂಥ ಕಂಪನಿಯ ಲೆಕ್ಕವಿಭಾಗದಲ್ಲಿ ಕೂತಿರುವವರಿಗೆ ನನ್ನದೊಂದು ವಿನಂತಿ. ವರ್ಷಾಂತ್ಯಕ್ಕೆ ನಿಜವಾದ ವೆಚ್ಚಕ್ಕೆ ಶುಲ್ಕವನ್ನು ಹೊಂದಿಸಿಕೊಳ್ಳಬಹುದೆಂಬ ಸಾಲು ಒಪ್ಪಂದದಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿಕೊಳ್ಳಿ. ಫೆಬ್ರುವರಿಯ ಕೊನೆಯ ವಾರ ಪುಸ್ತಕ ತೆರೆದು, ಬರಬೇಕಾದ ಬೋನಸ್ಸನ್ನೂ ಸೇರಿಸಿ ಲಾಭಾಂಶ ಎಷ್ಟಿದೆ ಎಂದು ಲೆಕ್ಕ ಹಾಕಿ. ಕೊರತೆ ಕಂಡರೆ ಮಾರ್ಚ್ 31ರೊಳಗೆ ಇನ್ನೊಂದು ಇನ್‌ವಾಯ್ಸ್ ಕಳಿಸಿ.