ಮೀಡ್ ಹೇಳದ ಮಾತಿಗೆ ಫ್ರೀಮನ್ ಕೊಟ್ಟ ಉತ್ತರ

ಎದುರಾಳಿ ಆಡಿದ ಮಾತನ್ನು ಬಿಟ್ಟು, ಅದರಂತೆಯೇ ಕಾಣುವ ಆದರೆ ಅದಕ್ಕಿಂತ ದುರ್ಬಲವಾದ ಮಾತೊಂದನ್ನು ಅವನ ಬಾಯಿಗೆ ತುರುಕಿ, ಅದನ್ನೇ ಖಂಡಿಸಿ ಗೆದ್ದೆ ಎನ್ನುವುದಕ್ಕೆ ತರ್ಕದ ಪಾಠದಲ್ಲಿ ‘ಸ್ಟ್ರಾ ಮ್ಯಾನ್’ ಎನ್ನುತ್ತಾರೆ. ನಮ್ಮ ಹೊಲದ ಬೆರ್ಚಪ್ಪನಂತೆ ಅದು ಹುಲ್ಲು ತುಂಬಿದ ಆಳು. ಎಷ್ಟು ಹೊಡೆದರೂ ತಿರುಗಿ ಹೊಡೆಯುವುದಿಲ್ಲ. ರಾಜಕೀಯ ಭಾಷಣದಲ್ಲಿ ಇದು ಯಾರ ಕಣ್ಣಿಗಾದರೂ ಬೀಳುತ್ತದೆ. ಆದರೆ ಅಡಿಟಿಪ್ಪಣಿ, ಪುಟಸಂಖ್ಯೆಗಳ ಸಮೇತ ಬರುವ ವಿದ್ವತ್ ಗ್ರಂಥದಲ್ಲಿ ಇದನ್ನು ಹಿಡಿಯುವುದು ಕಷ್ಟ. ಮಾನವಶಾಸ್ತ್ರದ ಒಂದು ಹಳೆಯ ಜಗಳವನ್ನು ಹತ್ತಿರದಿಂದ ನೋಡಿದರೆ ಅದು ಹೇಗೆ ಹುಟ್ಟುತ್ತದೆ, ಕಟ್ಟಿದವನಿಗೆ ಏನು ನಷ್ಟ ಎಂಬುದು ಗೊತ್ತಾಗುತ್ತದೆ.

1925ರಲ್ಲಿ ಮಾರ್ಗರೆಟ್ ಮೀಡ್ ಎಂಬ 23 ವರ್ಷದ ಅಮೆರಿಕನ್ ಸಂಶೋಧಕಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಿಗೆ ಹೋದರು. ಹರೆಯದ ಸಿಡುಕು, ಹಟ, ತಳಮಳಗಳೆಲ್ಲ ದೇಹದ ಬೆಳವಣಿಗೆಯ ಜೊತೆಗೇ ಬರುವಂಥವು, ತಪ್ಪಿಸಿಕೊಳ್ಳಲು ಆಗದಂಥವು ಎಂದು ಆಗ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳುತ್ತಿದ್ದರು. ಮೀಡ್ ಅವರ ಗುರು ಫ್ರಾಂಜ್ ಬೋಆಸ್ ಅವರಿಗೆ ಇದರ ಬಗ್ಗೆ ಅನುಮಾನವಿತ್ತು. ಟಾಊ ದ್ವೀಪದ ಹಳ್ಳಿಗಳ ಹುಡುಗಿಯರ ನಡುವೆ ಕೆಲವು ತಿಂಗಳು ಕಳೆದು ಬಂದ ಮೀಡ್, 1928ರಲ್ಲಿ ‘ಕಮಿಂಗ್ ಆಫ್ ಏಜ್ ಇನ್ ಸಮೋವಾ’ ಎಂಬ ಪುಸ್ತಕ ಬರೆದರು. ಅವರ ವಾದ ಇಷ್ಟು: ಸಮೋವಾದ ಹುಡುಗಿಯ ದೇಹವೂ ಅಮೆರಿಕದ ಹುಡುಗಿಯ ದೇಹದಂತೆಯೇ ಬೆಳೆಯುತ್ತದೆ. ಆದರೂ ಅಲ್ಲಿ ಹೆಚ್ಚಿನ ಹುಡುಗಿಯರು ಅಷ್ಟೇನೂ ತಳಮಳವಿಲ್ಲದೆ ಹರೆಯ ದಾಟುತ್ತಾರೆ. ಹಾಗಾದರೆ ತಳಮಳಕ್ಕೆ ದೇಹವೊಂದೇ ಕಾರಣವಾಗಲಾರದು, ಬೆಳೆಸುವ ರೀತಿಯನ್ನೂ ನೋಡಬೇಕು.

1983ರಲ್ಲಿ, ಮೀಡ್ ತೀರಿಕೊಂಡು ಐದು ವರ್ಷವಾದ ಮೇಲೆ, ಡೆರೆಕ್ ಫ್ರೀಮನ್ ಅವರ ಖಂಡನೆ ಪುಸ್ತಕವಾಗಿ ಬಂತು. ಫ್ರೀಮನ್ ಕೈಲಾಗದ ವಿದ್ವಾಂಸರೇನಲ್ಲ. 1940ರ ದಶಕದಲ್ಲೇ ಪಶ್ಚಿಮ ಸಮೋವಾದಲ್ಲಿ ಶಾಲಾ ಮಾಸ್ತರರಾಗಿದ್ದವರು, ಅಲ್ಲಿನ ಭಾಷೆ ಬಲ್ಲವರು, ಮುಂದೆ ಮತ್ತೆ ಹೋಗಿ ಕ್ಷೇತ್ರಕಾರ್ಯ ಮಾಡಿದವರು. ಮೀಡ್ ಚಿತ್ರಿಸಿದಷ್ಟು ಸಡಿಲ, ಸೌಮ್ಯ ಸಮಾಜ ಅದಲ್ಲ ಎಂದು ಅವರು ತೋರಿಸಿದರು. ಕನ್ಯತ್ವದ ಬಗೆಗಿನ ಕಟ್ಟುನಿಟ್ಟು, ಅಂತಸ್ತಿನ ಪೈಪೋಟಿ, ಮಕ್ಕಳಿಗೆ ಕೊಡುವ ಹೊಡೆತ, ಹಿಂಸೆ ಎಲ್ಲದಕ್ಕೂ ಸಾಕ್ಷ್ಯ ಕೊಟ್ಟರು. ಇಷ್ಟಕ್ಕೇ ನಿಂತಿದ್ದರೆ ಅದು ಬಲವಾದ ಪುಸ್ತಕವಾಗಿ ಉಳಿಯುತ್ತಿತ್ತು.

ಅವರು ನಿಲ್ಲಲಿಲ್ಲ. ಮೀಡ್ ‘ಸಂಪೂರ್ಣ ಸಂಸ್ಕೃತಿ ನಿರ್ಧಾರವಾದಿ’ ಎಂದರು. ಎಂದರೆ, ಮನುಷ್ಯನ ನಡತೆಯಲ್ಲಿ ಜೀವಶಾಸ್ತ್ರಕ್ಕೆ ಪಾಲೇ ಇಲ್ಲ ಎಂದು ಮೀಡ್ ಸಾಧಿಸಹೊರಟರು ಎಂಬ ಆರೋಪ. ಎರಡು ಮಾತುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ದೇಹವೊಂದೇ ಕಾರಣವಲ್ಲ’ ಎಂಬುದು ಮೊದಲನೆಯದು, ‘ದೇಹ ಕಾರಣವೇ ಅಲ್ಲ’ ಎಂಬುದು ಎರಡನೆಯದು. ಓದುವ ಭರದಲ್ಲಿ ಒಂದೇ ಎನಿಸುತ್ತವೆ. ಆದರೆ ಮೊದಲನೆಯದನ್ನು ಉರುಳಿಸಬೇಕಾದರೆ ತಳಮಳ ಎಲ್ಲ ಸಮಾಜದಲ್ಲೂ ಒಂದೇ ಸಮ ಇದೆ ಎಂದು ತೋರಿಸಬೇಕು; ಎರಡನೆಯದು ಬೀಳಲು ಹಾರ್ಮೋನಿನ ಒಂದು ಉದಾಹರಣೆ ಸಾಕು. ಸುಲಭವಾದ ಈ ಎರಡನೆಯ ಕೆಲಸವನ್ನು ಮಾಡಿ ಮೊದಲನೆಯದರ ಯಶಸ್ಸು ಕೇಳುವುದೇ ಹುಲ್ಲಿನ ಆಳನ್ನು ಕಟ್ಟುವ ರೀತಿ.

ಇನ್ನೊಂದು ಕೈಚಳಕವೂ ಇದರಲ್ಲಿದೆ. ತಳಮಳಕ್ಕೆ, ಜಗಳಕ್ಕೆ ಸಿಕ್ಕ ಹುಡುಗಿಯರಿಗಾಗಿಯೇ ಮೀಡ್ ತಮ್ಮ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಮೀಸಲಿಟ್ಟಿದ್ದರು. ಹಳ್ಳಿಯ ಗೌರವದ ಕನ್ಯೆಯಾದ ‘ಟೌಪೊ’ ಬಗ್ಗೆ, ಅವಳ ಕನ್ಯತ್ವ ಪರೀಕ್ಷೆಯ ವಿಧಿಯ ಬಗ್ಗೆ ಅವರೇ ಬರೆದಿದ್ದರು. ಮೀಡ್ ಅವರನ್ನು ಫ್ರೀಮನ್ ಮೂಲಕವಷ್ಟೇ ತಿಳಿದವರಿಗೆ ಈ ಅಧ್ಯಾಯ, ಈ ವಿವರಗಳು ಎಷ್ಟು ಜಾಗ ಪಡೆದಿದ್ದವು ಎಂಬುದೇ ಕಾಣುವುದಿಲ್ಲ. ಅಪವಾದಗಳನ್ನು ಸವರಿಹಾಕಿದರೆ ಯಾವ ವಾದವೂ ಮೂರ್ಖತನದಂತೆ ಕಾಣುತ್ತದೆ. ಹಾಗಾಗಿ ಖಂಡನೆಯೊಂದನ್ನು ಓದುವಾಗ ನಾನು ಮೊದಲು ಹುಡುಕುವುದು ಸಣ್ಣ ಮಾತುಗಳನ್ನು: ಮೂಲದಲ್ಲಿ ‘ಹೆಚ್ಚಾಗಿ’, ‘ಬಹುಪಾಲು’ ಎಂದಿದ್ದದ್ದು ಖಂಡನೆಯೊಳಗೆ ‘ಎಲ್ಲ’, ‘ಎಂದೂ’, ‘ಕೇವಲ’ ಆಗಿದೆಯೇ? ಇಂಥ ಮಾತು ಬಂದ ಕಡೆ ಉದ್ಧರಣೆ ಇದೆಯೇ, ಇಲ್ಲವೇ ಲೇಖಕನ ಸಾರಾಂಶ ಮಾತ್ರವೇ? ಸಾರಾಂಶದ ಬದಿಯಲ್ಲಿ ಪುಟಸಂಖ್ಯೆ ಇಲ್ಲದಿದ್ದರೆ ಅಲ್ಲಿ ಸ್ವಲ್ಪ ತಡೆದು ನಿಲ್ಲಬೇಕು.

ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಮೀಡ್ ಫ್ರೀಮನ್‌ಗೆ ಹುಲ್ಲು ಒದಗಿಸಿದ್ದರು. ಸಾಮಾನ್ಯ ಓದುಗರಿಗಾಗಿ ಬರೆದ ಭಾಗಗಳಲ್ಲಿ ಸಮೋವಾ ತೀರಾ ಹಿತವಾಗಿ ಕಾಣುತ್ತದೆ. ಮನುಷ್ಯಸ್ವಭಾವ ಎಷ್ಟು ಬೇಕಾದರೂ ಬಗ್ಗುತ್ತದೆ ಎಂಬ ಧಾಟಿಯಲ್ಲಿ ಅವರು 1935ರಲ್ಲಿ ಇನ್ನೊಂದು ಪುಸ್ತಕದಲ್ಲಿ ಬರೆದರು. ಎದುರಾಳಿಯ ಅತ್ಯಂತ ಸಡಿಲ ವಾಕ್ಯವನ್ನು ಆರಿಸಿ ಅದೇ ಅವರ ಸಿದ್ಧಾಂತ ಎನ್ನುವುದು ಪೂರ್ತಿ ಸುಳ್ಳಲ್ಲ. ಸ್ಟ್ರಾ ಮ್ಯಾನ್ ಹಿಡಿಯಲು ಕಷ್ಟವಾಗುವುದು ಇಲ್ಲಿಯೇ. ಅರ್ಧ ನಿಜ ಸೇರಿದ್ದರೆ ಓದುಗ ಮಿಕ್ಕ ಅರ್ಧವನ್ನು ತಾನಾಗಿಯೇ ನಂಬುತ್ತಾನೆ.

ಫಲವೇನಾಯಿತು? ಮೀಡ್ ಪುಸ್ತಕವನ್ನು ಓದಿಯೇ ಬೆಳೆದ ಅಮೆರಿಕದ ಮಾನವಶಾಸ್ತ್ರಜ್ಞರು ಮೂಲವನ್ನು ತೆರೆದು ನೋಡಿದರು. ಸಿದ್ಧಾಂತದ ವಿಷಯದಲ್ಲಿ ಫ್ರೀಮನ್ ಉತ್ಪ್ರೇಕ್ಷೆ ಮಾಡಿದ್ದಾರೆ ಎಂದು ಕಂಡ ಮೇಲೆ, ಅವರು ಕೊಟ್ಟ ಸಂಗತಿಗಳ ಮೇಲೂ ಅನುಮಾನ ಹರಿಯಿತು. ಶಿಕಾಗೋದಲ್ಲಿ ಸೇರಿದ ಅವರ ಸಂಘ ಅದೇ ವರ್ಷ ಪುಸ್ತಕವನ್ನು ಖಂಡಿಸುವ ನಿರ್ಣಯ ಮಾಡಿತು. ಸತ್ಯವನ್ನು ಕೈ ಎತ್ತಿಸಿ ತೀರ್ಮಾನಿಸುವ ಇಂಥ ನಿರ್ಣಯ ನನ್ನ ಪ್ರಕಾರ ಹಾಸ್ಯಾಸ್ಪದ. ಆದರೆ ಅದಕ್ಕೆ ಬೇಕಾದ ಸಿಟ್ಟು ಎಲ್ಲಿಂದ ಬಂತೆಂಬುದು ಸ್ಪಷ್ಟ. ತಮಾಷೆಯೆಂದರೆ, ಮೀಡ್ ಪಕ್ಷದವರಲ್ಲಿ ಕೆಲವರು ಫ್ರೀಮನ್‌ರನ್ನು ‘ಎಲ್ಲವೂ ಜೀನ್‌ನಿಂದ’ ಎನ್ನುವವರೆಂದು ಚಿತ್ರಿಸಿದರು. ಜೀವಶಾಸ್ತ್ರ, ಸಂಸ್ಕೃತಿ ಎರಡೂ ಬೆರೆತು ಕೆಲಸ ಮಾಡುತ್ತವೆ ಎಂದೇ ಫ್ರೀಮನ್ ಬರೆದಿದ್ದರು! ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಮುಟ್ಟಲೇ ಇಲ್ಲ. ಟಾಊ ದ್ವೀಪದಲ್ಲಿ 1925ರ ಹುಡುಗಿಯರು ನಿಜವಾಗಿ ಹೇಗಿದ್ದರು ಎಂಬ ಮೂಲ ಪ್ರಶ್ನೆ ವರ್ಷಗಟ್ಟಲೆ ಹಿಂದೆ ಬಿತ್ತು.

ಎದುರುಪಕ್ಷವನ್ನು ಹೇಗೆ ಮಂಡಿಸಬೇಕು ಎಂಬುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಎಂಬ ಕ್ರಮವೇ ಇದೆ. ಅದರ ಗಟ್ಟಿ ಮಾದರಿ ವಿಜಯನಗರದ ವ್ಯಾಸರಾಯರು. ದ್ವೈತದ ಪರವಾಗಿ ಬರೆದ ‘ನ್ಯಾಯಾಮೃತ’ದಲ್ಲಿ ಜಗತ್ತು ಮಿಥ್ಯೆ ಎಂಬ ಅದ್ವೈತದ ಮಾತನ್ನು ಖಂಡಿಸುವಾಗ ಅವರು ತಮಗೆ ಅನುಕೂಲವಾದ ಒಂದು ವ್ಯಾಖ್ಯೆ ಹಿಡಿದು ಹೊರಡಲಿಲ್ಲ. ಅದ್ವೈತದ ಆಚಾರ್ಯರೇ ಕೊಟ್ಟ ಐದು ಬೇರೆ ಬೇರೆ ಲಕ್ಷಣಗಳನ್ನು ಎತ್ತಿಕೊಂಡು ಒಂದೊಂದನ್ನೂ ವಿಮರ್ಶಿಸಿದರು. ಇದರಲ್ಲಿ ತಪ್ಪಿಸಿಕೊಳ್ಳುವ ದಾರಿ ಎದುರಿನವರಿಗೂ ಇಲ್ಲ, ತಮಗೂ ಇಲ್ಲ. ಉತ್ತರವಾಗಿ ‘ಅದ್ವೈತಸಿದ್ಧಿ’ ಬರೆದ ಮಧುಸೂದನ ಸರಸ್ವತಿಯವರು ‘ನಾವು ಹಾಗೆ ಹೇಳಿಲ್ಲ’ ಎಂದು ಜಾರಿಕೊಳ್ಳುವಂತಿರಲಿಲ್ಲ. ಅದೇ ಐದನ್ನೂ ಹಿಡಿದು ಒಂದೊಂದಾಗಿ ಸಮರ್ಥಿಸಬೇಕಾಯಿತು. ಶತಮಾನಗಳ ನಂತರವೂ ವಿದ್ವಾಂಸರು ಆ ಎರಡೂ ಗ್ರಂಥಗಳನ್ನು ಜೊತೆಗಿಟ್ಟು ಓದುತ್ತಾರೆ.

ಸಮೋವಾದ ಜಗಳದಲ್ಲೂ ಇಂಥ ಕೆಲಸ ತಡವಾಗಿಯಾದರೂ ಬಂತು. ಮಾರ್ಟಿನ್ ಓರನ್ಸ್ ಎಂಬ ಮಾನವಶಾಸ್ತ್ರಜ್ಞ ಮೀಡ್ ಅವರ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನೇ ತೆಗೆದು ಪರಿಶೀಲಿಸಿ 1996ರಲ್ಲಿ ಬರೆದರು. ಫ್ರೀಮನ್ ಹೇಳಿದಂತೆ ಮೀಡ್ ಹುಡುಗಿಯರ ತಮಾಷೆಯ ಸುಳ್ಳಿಗೆ ಮೋಸಹೋದರು ಎಂಬುದಕ್ಕೆ ಆ ಟಿಪ್ಪಣಿಗಳು ಬೆಂಬಲ ಕೊಡುವುದಿಲ್ಲ ಎಂದು ಅವರು ಕಂಡರು. ಆದರೆ ಮೀಡ್ ಅವರ ದೊಡ್ಡ ಹೇಳಿಕೆ ಎಷ್ಟು ಅಳ್ಳಕವಾಗಿದೆಯೆಂದರೆ ಅದು ತಪ್ಪೆಂದು ಸಾಬೀತು ಮಾಡಲೂ ಬರುವುದಿಲ್ಲ ಎಂದರು. ವಿಜ್ಞಾನಿಯೊಬ್ಬರಿಗೆ ಇದಕ್ಕಿಂತ ಕಠೋರವಾದ ಟೀಕೆ ಇರಲಾರದು. ಮೀಡ್ ಅವರ ಅಭಿಮಾನಿಗಳಿಗೂ ಅದನ್ನು ತಳ್ಳಿಹಾಕುವುದು ಸುಲಭವಾಗಲಿಲ್ಲ, ಏಕೆಂದರೆ ಓರನ್ಸ್ ತೂಗಿ ನೋಡಿದ್ದು ಮೀಡ್ ಅವರದೇ ಬರಹವನ್ನು.