ನಾಲ್ವರ ಗೆರೆ, ಒಬ್ಬನ ಹೆಜ್ಜೆ

2022ರ ನವೆಂಬರ್ 22ರಂದು ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಸೌದಿ ಅರೇಬಿಯಾ ತಂಡ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತು. ಹತ್ತನೇ ನಿಮಿಷದಲ್ಲೇ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದಿದ್ದರು. ಆಮೇಲೆ ಅದೇ ಮೊದಲಾರ್ಧದಲ್ಲಿ ಅರ್ಜೆಂಟೀನಾ ಇನ್ನೂ ಮೂರು ಸಲ ಚೆಂಡನ್ನು ಬಲೆಗೆ ಸೇರಿಸಿತು. ಮೂರೂ ಆಫ್‌ಸೈಡ್ ಎಂದು ರದ್ದಾದವು. ಆ ನಲವತ್ತೈದು ನಿಮಿಷಗಳಲ್ಲಿ ಏಳು ಸಲ, ಇಡೀ ಪಂದ್ಯದಲ್ಲಿ ಹತ್ತು ಸಲ ಅರ್ಜೆಂಟೀನಾ ಆಟಗಾರರು ಆಫ್‌ಸೈಡಿಗೆ ಸಿಕ್ಕಿಬಿದ್ದರು. ಇದನ್ನು ಕೋಚ್ ಹರ್ವೆ ರೆನಾರ್ ಅವರ ಧೈರ್ಯ ಎಂದವರಿದ್ದಾರೆ, ಬರೀ ಅದೃಷ್ಟ ಎಂದವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಆಫ್‌ಸೈಡ್ ಟ್ರ್ಯಾಪನ್ನು ನಾಲ್ಕು ಬಿಡಿಭಾಗಗಳ ಒಂದು ಯಂತ್ರವೆಂದು ನೋಡಿದರೆ ಅದು ಯಾವಾಗ ನಡೆಯುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ನಾಲ್ವರು ಡಿಫೆಂಡರುಗಳಲ್ಲಿ ಎಲ್ಲರಿಗಿಂತ ಹಿಂದೆ ಉಳಿದವನೇ ಗೆರೆಯನ್ನು ನಿರ್ಧರಿಸುತ್ತಾನೆ, ಮುಂದೆ ಹೋದವನಲ್ಲ. ಈ ಯಂತ್ರದ ಬಲವೂ ಅಪಾಯವೂ ಹುಟ್ಟುವುದು ಇದರಿಂದಲೇ.

ನಿಯಮ ಹೀಗಿದೆ. ಎದುರಾಳಿಯ ಅರ್ಧದಲ್ಲಿರುವ ಆಟಗಾರ ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಸಾಮಾನ್ಯವಾಗಿ ಕೊನೆಯವನು ಗೋಲ್‌ಕೀಪರ್, ಅವನ ಮುಂದಿನವನು ಯಾರಾದರೂ ಡಿಫೆಂಡರ್. ಸರಿಸಮವಾಗಿ ನಿಂತಿದ್ದರೆ ತಪ್ಪಿಲ್ಲ. ಕೈ ಮತ್ತು ತೋಳು ಲೆಕ್ಕಕ್ಕಿಲ್ಲ. ಆ ಸ್ಥಾನದಲ್ಲಿ ಸುಮ್ಮನೆ ನಿಂತಿರುವುದೂ ತಪ್ಪಲ್ಲ, ಆಟದಲ್ಲಿ ಕೈಹಾಕಿದಾಗ ಮಾತ್ರ ತಪ್ಪು. ಇದೆಲ್ಲವನ್ನೂ ಅಳೆಯುವುದು ಒಂದೇ ಒಂದು ಕ್ಷಣದಲ್ಲಿ, ಅಂದರೆ ಜೊತೆಗಾರನ ಕಾಲು ಚೆಂಡಿಗೆ ತಾಗಿದ ಕ್ಷಣದಲ್ಲಿ. ಚೆಂಡು ತಲುಪಿದಾಗ ಯಾರು ಎಲ್ಲಿದ್ದರು ಎಂಬುದನ್ನು ಯಾರೂ ಕೇಳುವುದಿಲ್ಲ. ಟಿವಿಯಲ್ಲಿ ಪಂದ್ಯ ನೋಡುವಾಗ ನಮ್ಮ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಸ್ಟ್ರೈಕರ್ ಡಿಫೆಂಡರನಿಗಿಂತ ನಾಲ್ಕು ಮೀಟರ್ ಮುಂದಿರುವುದು ಕಾಣುತ್ತದೆ, ಆದರೂ ಬಾವುಟ ಏಳುವುದಿಲ್ಲ. ಗೊಂದಲಕ್ಕೆ ಕಾರಣ ನಾವು ನೋಡಿದ ಹೊತ್ತು ಬೇರೆ, ಅಳೆದ ಹೊತ್ತು ಬೇರೆ ಆಗಿರುವುದು.

ಟ್ರ್ಯಾಪ್ ಬಳಸಿಕೊಳ್ಳುವುದು ಈ ಕ್ಷಣವನ್ನೇ. ಸ್ಟ್ರೈಕರ್ ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಗೋಲಿನ ಕಡೆ ನುಗ್ಗುತ್ತಿದ್ದಾನೆ, ಡಿಫೆಂಡರ್ ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಅವನಿಗೆ ಎದುರು ದಿಕ್ಕಿಗೆ ಹೆಜ್ಜೆ ಹಾಕುತ್ತಾನೆ ಎಂದುಕೊಳ್ಳಿ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ ಹನ್ನೆರಡು ಮೀಟರಿನಂತೆ ಬೆಳೆಯುತ್ತದೆ. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಒಂದು ಮೀಟರಿಗೂ ಹೆಚ್ಚು. ಪಾಸ್ ಹೊರಡುವ ಮುನ್ನ ಅಷ್ಟು ಹೊತ್ತು ಸಿಕ್ಕರೂ ಸಾಕು, ಸರಿಸಮನಾಗಿದ್ದ ಸ್ಟ್ರೈಕರ್ ಸಂದೇಹಕ್ಕೆ ಎಡೆಯಿಲ್ಲದಂತೆ ಆಫ್‌ಸೈಡ್ ಆಗುತ್ತಾನೆ. ಆದರೆ ಇದೇ ಲೆಕ್ಕ ಡಿಫೆಂಡರುಗಳ ವಿರುದ್ಧವೂ ತಿರುಗುತ್ತದೆ. ಮೂವರು ಒಟ್ಟಿಗೆ ಹೆಜ್ಜೆ ಹಾಕಿ, ನಾಲ್ಕನೆಯವನು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ತಡಮಾಡಿದರೆ, ವೇಗ ಹಿಡಿಯಲು ಬೇಕಾದ ಹೊತ್ತನ್ನು ಬಿಟ್ಟು ನೋಡಿದರೂ, ಅವನು ಗೆರೆಗಿಂತ ಒಂದೂಕಾಲು ಮೀಟರಿನಷ್ಟು ಹಿಂದೆ ಉಳಿದಿರುತ್ತಾನೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಆ ತಡ ಮೂವರ ಶ್ರಮವನ್ನೂ ಅಳಿಸಿಹಾಕುತ್ತದೆ. ಕಬಡ್ಡಿಯಲ್ಲಿ ಕಾರ್ನರ್ ಮತ್ತು ಕವರ್ ಆಟಗಾರರು ಕೈಕೈ ಹಿಡಿದು ಸರಪಳಿ ಕಟ್ಟುವುದನ್ನು ಹೊಳೆನರಸೀಪುರ, ಅರಕಲಗೂಡು ಕಡೆಯವರಿಗೆ ವಿವರಿಸಬೇಕಿಲ್ಲ. ಅಲ್ಲಿ ಒಬ್ಬನ ಚಲನೆ ಕೈಯ ಮೂಲಕವೇ ಇನ್ನೊಬ್ಬನಿಗೆ ತಿಳಿಯುತ್ತದೆ. ಫುಟ್‌ಬಾಲಿನಲ್ಲಿ ಹತ್ತು ಹನ್ನೆರಡು ಮೀಟರ್ ದೂರದೂರ ನಿಂತ ನಾಲ್ವರಿಗೆ ಹಿಡಿಯಲು ಕೈಯಿಲ್ಲ. ಒಂದೇ ಸೂಚನೆಯನ್ನು ನಾಲ್ವರೂ ಒಂದೇ ಹೊತ್ತಿಗೆ ಓದಬೇಕು.

ಒಬ್ಬ ಡಿಫೆಂಡರ್ ಗೆರೆ ತಪ್ಪುವುದರಲ್ಲಿ ಎರಡು ಬಗೆಯಿದೆ. ಎರಡನ್ನೂ ಒಂದೇ ಎಂದು ಮಾತಾಡುವುದರಿಂದ ಬಹಳ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಹಿಂದೆ ಉಳಿಯುವುದು ಮೊದಲನೆಯ ಬಗೆ. ಇದಕ್ಕೆ 2008ರ ಯೂರೋ ಕಪ್‌ನಲ್ಲಿ ಇಟಲಿ ತೆತ್ತ ಬೆಲೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಜೂನ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನೆದರ್‌ಲ್ಯಾಂಡ್ಸ್ ವಿರುದ್ಧದ ಪಂದ್ಯ. ಇಟಲಿಯ ಗೋಲ್‌ಕೀಪರ್ ಬುಫೋನ್ ಚೆಂಡಿಗೆ ಹಾರಿದಾಗ ಡಿಕ್ಕಿಯಾಗಿ ಸ್ವಂತ ತಂಡದ ಡಿಫೆಂಡರ್ ಪನುಚ್ಚಿ ಗೋಲ್ ಗೆರೆಯಾಚೆ ಬಿದ್ದರು. ಉಳಿದ ಡಿಫೆಂಡರುಗಳು ಮುಂದೆ ಸರಿದರು. ಮರುಕ್ಷಣದಲ್ಲೇ ವಾನ್ ನಿಸ್ಟೆಲ್‌ರೋಯ್ ಗೋಲಿನ ಎದುರಲ್ಲೇ ನಿಂತು ಚೆಂಡನ್ನು ಒಳಗೆ ತಿರುಗಿಸಿದರು. ಇಟಲಿಯವರೆಲ್ಲ ಆಫ್‌ಸೈಡ್ ಎಂದು ಕೈಯೆತ್ತಿದರು, ಗೋಲು ಮಾತ್ರ ಉಳಿಯಿತು. ರೆಫ್ರಿಯ ಅನುಮತಿಯಿಲ್ಲದೆ ಮೈದಾನದ ಹೊರಗಿರುವ ಡಿಫೆಂಡರನನ್ನು ಗೋಲ್ ಗೆರೆಯ ಮೇಲೆಯೇ ಇದ್ದಾನೆಂದು ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಹೊರಗೆ ಕಾಲಿಟ್ಟು ಎದುರಾಳಿಯನ್ನು ಆಫ್‌ಸೈಡ್ ಮಾಡಬಹುದಿತ್ತು. ಆಟದಲ್ಲೇ ಇಲ್ಲದಂತೆ ಬಿದ್ದಿದ್ದ ಒಬ್ಬನು ಇಡೀ ತಂಡದ ಗೆರೆಯನ್ನು ಬದಲಿಸಿಬಿಟ್ಟ. ಆ ಪಂದ್ಯವನ್ನು ಇಟಲಿ 3–0ರಿಂದ ಸೋತಿತು.

ಒಬ್ಬನೇ ಮುಂದೆ ನುಗ್ಗುವುದು ಎರಡನೆಯ ಬಗೆ. ಇದು ಗೆರೆಯನ್ನು ಒಂದು ಅಂಗುಲವೂ ಕದಲಿಸುವುದಿಲ್ಲ, ಏಕೆಂದರೆ ಹಿಂದಿರುವ ಮೂವರು ಅಲ್ಲೇ ಇದ್ದಾರೆ. ಆಫ್‌ಸೈಡಿನ ಲಾಭ ಸೊನ್ನೆ. ಅದರ ಬದಲಿಗೆ ಗೆರೆಯಲ್ಲಿ ಒಂದು ತೂತು ಬೀಳುತ್ತದೆ. ಹೇಗೆಂದು ನಿಧಾನವಾಗಿ ನೋಡೋಣ. ಎದುರಾಳಿಯ ಸ್ಟ್ರೈಕರ್ ಚೆಂಡು ಕೇಳುತ್ತಾ ಏಳೆಂಟು ಮೀಟರ್ ಹಿಂದಕ್ಕೆ ಬರುತ್ತಾನೆ. ಅವನನ್ನು ತಿರುಗಲು ಬಿಡಬಾರದೆಂದು ಎಡಗಡೆಯ ಸೆಂಟರ್ ಬ್ಯಾಕ್ ಬೆನ್ನುಹತ್ತಿ ಹೋಗುತ್ತಾನೆ. ಅವನ ಅಕ್ಕಪಕ್ಕದವರ ನಡುವೆ ಈಗ ಇಪ್ಪತ್ತು ಮೀಟರಿಗೂ ಹೆಚ್ಚಿನ ಜಾಗ ಖಾಲಿ. ಸ್ಟ್ರೈಕರ್ ಚೆಂಡನ್ನು ನಿಲ್ಲಿಸದೆ ಒಂದೇ ತಟ್ಟಿಗೆ ಮಿಡ್‌ಫೀಲ್ಡರನಿಗೆ ಹಿಂದಿರುಗಿಸುತ್ತಾನೆ. ವಿಂಗರ್ ಗೆರೆಗೆ ಸಮಾನಾಂತರವಾಗಿ ಒಳಕ್ಕೆ ಓಡುತ್ತಾ, ಪಾಸ್ ಹೊರಟ ಮೇಲೆ ದಿಕ್ಕು ಬದಲಿಸಿ ಆ ಖಾಲಿ ಜಾಗಕ್ಕೆ ನುಗ್ಗುತ್ತಾನೆ. ಅವನು ಒಂದು ಕ್ಷಣವೂ ಆಫ್‌ಸೈಡ್ ಆಗಿರುವುದಿಲ್ಲ. ಹದಿನೈದು ಮೀಟರಿನ ಪಾಸಿಗೆ ಸುಮಾರು ಒಂದು ಸೆಕೆಂಡ್ ಸಾಕು. ಪಕ್ಕದ ಡಿಫೆಂಡರ್ ಐದಾರು ಮೀಟರ್ ಒಳಕ್ಕೆ ಸರಿದು ತೂತು ಮುಚ್ಚಲು ಅಷ್ಟೇ ಹೊತ್ತು ಬೇಕು, ಮೇಲಾಗಿ ಅವನು ಮೊದಲು ಸೂಚನೆಯನ್ನು ಓದಬೇಕು. ಮುಂದೆ ಹೋದ ಸೆಂಟರ್ ಬ್ಯಾಕಿನ ಮುಖವಂತೂ ಎದುರಾಳಿಯ ಗೋಲಿನ ಕಡೆಗಿದೆ. ಅವನು ತಿರುಗಿ ವೇಗ ಹಿಡಿಯುವಷ್ಟರಲ್ಲಿ ಆಟ ಅವನ ಕೈಮೀರಿ ಹೋಗಿರುತ್ತದೆ. ಹಾಗೆಂದು ಮುಂದೆ ಹೋಗುವುದೇ ತಪ್ಪೆಂದಲ್ಲ. ಹೋದವನು ಚೆಂಡನ್ನು ಮುಟ್ಟಲೇಬೇಕು, ಇಲ್ಲವೇ ಸ್ಟ್ರೈಕರನ ಬೆನ್ನಿಗೆ ಅಂಟಿಕೊಂಡು ಆ ಒಂದು ತಟ್ಟನ್ನು ಕೆಡಿಸಬೇಕು. ಅವನು ಹೊರಟ ಕೂಡಲೇ ಉಳಿದ ಮೂವರು ಒಳಕ್ಕೆ ಸರಿದು ಹತ್ತಿರವಾಗಬೇಕು. ಎರಡರಲ್ಲಿ ಒಂದೂ ಆಗದಿದ್ದರೆ ಅವನು ಹೋಗದೇ ಇದ್ದದ್ದೇ ಒಳ್ಳೆಯದಿತ್ತು.

ಹಾಗಾದರೆ ನಾಲ್ವರೂ ಒಟ್ಟಿಗೆ ಓದಬೇಕಾದ ಸೂಚನೆ ಯಾವುದು? ಸ್ಟ್ರೈಕರನ ಓಟವಲ್ಲ. ಅವನನ್ನು ನೋಡಿ ಹೆಜ್ಜೆ ಹಾಕಿದರೆ ಅವನು ಹಾಕಿದ ತಾಳಕ್ಕೆ ಕುಣಿದಂತಾಗುತ್ತದೆ. ನೋಡಬೇಕಾದ್ದು ಚೆಂಡಿರುವವನನ್ನು. ಅವನು ಹಿಂದಕ್ಕೆ ಪಾಸ್ ಕೊಟ್ಟಾಗ, ತಲೆ ತಗ್ಗಿಸಿ ಚೆಂಡನ್ನು ಹತೋಟಿಗೆ ತರುತ್ತಿರುವಾಗ, ಇಲ್ಲವೇ ಮೈಮೇಲೆ ಬಿದ್ದ ಎದುರಾಳಿಯಿಂದ ತಪ್ಪಿಸಿಕೊಳ್ಳಲು ಬೆನ್ನು ತಿರುಗಿಸಿದಾಗ ಮುಂದಕ್ಕೆ ಪಾಸ್ ಹೊರಡಲು ಸಾಧ್ಯವಿಲ್ಲ. ಆ ಬಿಡುವಿನಲ್ಲಿ ಗೆರೆ ಮುಂದೆ ಸರಿಯಬಹುದು. ಅವನು ತಲೆಯೆತ್ತಿ, ಯಾರ ಅಡ್ಡಿಯೂ ಇಲ್ಲದೆ ಕಾಲು ಬೀಸಲು ಸಿದ್ಧನಾಗಿದ್ದರೆ ಗೆರೆ ಹಿಂದೆ ಸರಿಯಲೇಬೇಕು. ಲುಸೈಲಿನಲ್ಲಿ ಸೌದಿಯ ಮಿಡ್‌ಫೀಲ್ಡರುಗಳು ಚೆಂಡಿದ್ದವನಿಗೆ ಉಸಿರಾಡಲು ಬಿಡದೆ ಹಿಂಬಾಲಿಸಿದ್ದರಿಂದಲೇ ಹಿಂದಿನ ನಾಲ್ವರು ಅಷ್ಟು ಮೇಲೆ ನಿಲ್ಲಲು ಸಾಧ್ಯವಾಯಿತು. ಟ್ರ್ಯಾಪಿನ ಅರ್ಧ ಕೆಲಸ ನಡೆಯುವುದು ಗೆರೆಯಿಂದ ಇಪ್ಪತ್ತು ಮೂವತ್ತು ಮೀಟರ್ ಮುಂದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಲುಸೈಲಿನಲ್ಲಿ ಸೌದಿಯನ್ನು ಕಾಪಾಡಿದ್ದು ಗೆರೆಯಲ್ಲ, ಕ್ಯಾಮೆರಾ ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕಲಾಗದು. ಆ ವಿಶ್ವಕಪ್ಪಿನಲ್ಲಿ ಹನ್ನೆರಡು ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಲೌತಾರೊ ಮಾರ್ಟಿನೆಜ್ ಹೊಡೆದ ಒಂದು ಗೋಲು ರದ್ದಾದದ್ದು ಬರಿಗಣ್ಣಿಗೆ ಸಿಕ್ಕದಷ್ಟು ಸಣ್ಣ ಅಂತರದಲ್ಲಿ. ಆದರೆ ಕ್ಯಾಮೆರಾ ಇಲ್ಲದಿದ್ದರೆ ಸಂದೇಹದ ಲಾಭ ಯಾವಾಗಲೂ ದಾಳಿಗಾರರಿಗೇ ಸಿಗುತ್ತದೆ ಎಂಬ ಊಹೆ ಸರಿಯಲ್ಲ. ಓಡುತ್ತಿರುವ ವಸ್ತುವನ್ನು ಒಂದು ಕ್ಷಣದಲ್ಲಿ ಗುರುತಿಸಲು ಹೋದರೆ ನಮ್ಮ ಮಿದುಳು ಅದನ್ನು ಇದ್ದದ್ದಕ್ಕಿಂತ ಸ್ವಲ್ಪ ಮುಂದೆ ಇಟ್ಟು ಕಾಣುತ್ತದೆ. ಸ್ಟ್ರೈಕರ್ ಗೋಲಿನ ಕಡೆ, ಡಿಫೆಂಡರ್ ಎದುರು ದಿಕ್ಕಿಗೆ ಓಡುವಾಗ ಎರಡೂ ತಪ್ಪುಗಳು ಕೂಡಿಕೊಂಡು ಸರಿಸಮವಿದ್ದವನೂ ಆಫ್‌ಸೈಡ್ ಎನಿಸಬಹುದು. ಡಚ್ ಸಂಶೋಧಕ ಔದೆಯಾನ್ಸ್ ಮತ್ತು ಜೊತೆಗಾರರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಕಾರಣ ತೋರಿಸಿದರು. ಲೈನ್‌ಮನ್ ಗೆರೆಗೆ ನೇರವಾಗಿ ನಿಲ್ಲದೆ ಸ್ವಲ್ಪ ಆಚೀಚೆ ಇದ್ದರೆ ನೋಟದ ಕೋನವೇ ಆಟಗಾರರ ಸ್ಥಾನವನ್ನು ತಪ್ಪಾಗಿ ತೋರಿಸುತ್ತದೆ. ಗೆರೆ ಇದ್ದಕ್ಕಿದ್ದಂತೆ ಮುಂದೆ ಹಾರಿದಾಗ ಲೈನ್‌ಮನ್ ಹಿಂದೆ ಬೀಳುವುದು ಸಹಜ. ಬೆಂಗಳೂರಿನ ಕಂಠೀರವದಲ್ಲಿ 2023ರ ಮಾರ್ಚ್ 3ರಂದು ಬಿಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಆಡಿದ ಐಎಸ್‌ಎಲ್ ನಾಕೌಟ್ ಪಂದ್ಯದಲ್ಲಿ ವಿಡಿಯೊ ರೆಫ್ರಿ ಇರಲಿಲ್ಲ. ಕ್ಯಾಮೆರಾ ಇಲ್ಲದ ಮೈದಾನಗಳೇ ಹೆಚ್ಚಿರುವ ನಮ್ಮಲ್ಲಿ ಸೆಂಟಿಮೀಟರ್ ಲೆಕ್ಕದ ಟ್ರ್ಯಾಪ್ ಹೂಡುವುದು ಜೂಜು. ಒಂದು ಮೀಟರ್ ಅಂತರ ಸಿಗುವಂತೆ ಹೆಜ್ಜೆ ಹಾಕಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಅಪಾಯವಿದ್ದರೆ ಗೋಲಿನ ಮುಂದೆಯೇ ಗುಂಪಾಗಿ ನಿಲ್ಲಬಾರದೇಕೆ ಎಂದು ಕೇಳಬಹುದು. ನಿಲ್ಲಬಹುದು, ಎಷ್ಟೋ ತಂಡಗಳು ನಿಲ್ಲುತ್ತವೆ. ಆಗ ಬೆನ್ನ ಹಿಂದಿನ ಜಾಗ ಕಡಿಮೆಯಾಗುತ್ತದೆ, ಮುಂದಿನ ಜಾಗವೆಲ್ಲ ಎದುರಾಳಿಗೆ ಸೇರುತ್ತದೆ. ಮೆಸ್ಸಿಯಂಥವರಿಗೆ ಗೋಲಿನಿಂದ ಇಪ್ಪತ್ತು ಮೀಟರ್ ದೂರದಲ್ಲಿ ಚೆಂಡು ಕೊಟ್ಟು ಕಾಯುವುದು ಅದಕ್ಕಿಂತ ಸುರಕ್ಷಿತವೇನಲ್ಲ. ಗೆರೆಯನ್ನು ಗೋಲಿನಿಂದ ನಲವತ್ತು ಮೀಟರ್ ಮೇಲಕ್ಕೆ ತಂದರೆ ಆಡುವ ಜಾಗ ಕಿರಿದಾಗುತ್ತದೆ, ಹಿಂದಿನ ನಲವತ್ತು ಮೀಟರನ್ನು ಗೋಲ್‌ಕೀಪರ್ ಕಾಯಬೇಕಾಗುತ್ತದೆ. ಈ ವಿನಿಮಯ ಎಷ್ಟು ಲಾಭದ್ದೆಂದರೆ 1920ರ ದಶಕದಲ್ಲಿ ನಿಯಮವನ್ನೇ ಬದಲಿಸಬೇಕಾಯಿತು. ಆಗ ದಾಳಿಗಾರನ ಮುಂದೆ ಮೂವರು ಎದುರಾಳಿಗಳಿರಬೇಕಿತ್ತು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರಾಕನ್‌ರಂಥ ಫುಲ್ ಬ್ಯಾಕ್‌ಗಳು ಒಬ್ಬರೇ ಮುಂದೆ ಸರಿದು, ಜೊತೆಗಾರನನ್ನು ಹಿಂದೆ ಕಾವಲಿಗೆ ಬಿಟ್ಟು ಆಟವನ್ನೇ ನಿಲ್ಲಿಸುತ್ತಿದ್ದರು. 1925ರಲ್ಲಿ ಮೂವರು ಇಬ್ಬರಾದರು. ಮುಂದಿನ ಋತುವಿನಲ್ಲೇ ಇಂಗ್ಲೆಂಡಿನ ಮೊದಲ ಡಿವಿಷನ್ನಿನಲ್ಲಿ ಗೋಲುಗಳು 1,192ರಿಂದ 1,703ಕ್ಕೆ ಏರಿದವು. ಅಂದಿನಿಂದ ಒಬ್ಬನೇ ಮುಂದೆ ಸರಿದು ಟ್ರ್ಯಾಪ್ ಹೂಡುವ ಕಾಲ ಮುಗಿಯಿತು, ಹಿಂದಿನ ಕಾವಲುಗಾರನೇ ಈಗ ದಾಳಿಗಾರನಿಗೆ ರಹದಾರಿ ಕೊಡುತ್ತಾನೆ.

ಈಗಿನ ದಾಳಿಗಾರರು ಹೂಡುವ ಉಪಾಯವೂ ಈ ಜಾಡಿನದೇ. ಸ್ಟ್ರೈಕರ್ ಬೇಕೆಂದೇ ಆಫ್‌ಸೈಡ್ ಸ್ಥಾನಕ್ಕೆ ಓಡಿ ಡಿಫೆಂಡರುಗಳ ಕಣ್ಣು ಸೆಳೆಯುತ್ತಾನೆ, ಚೆಂಡಿನ ಗೊಡವೆಗೆ ಹೋಗುವುದಿಲ್ಲ. ನಾಲ್ವರೂ ಗೆದ್ದೆವೆಂದು ಮುಂದೆ ಹೆಜ್ಜೆ ಹಾಕಿದ ಕ್ಷಣಕ್ಕೇ ಹಿಂದಿನಿಂದ ಓಡಿಬಂದ ಮಿಡ್‌ಫೀಲ್ಡರ್ ಅವರನ್ನು ದಾಟುತ್ತಾನೆ. ಪಾಸ್ ಹೊರಟಾಗ ಅವನು ಗೆರೆಯ ಈಚೆಯೇ ಇದ್ದ, ಆದ್ದರಿಂದ ನಿಯಮದ ಪ್ರಕಾರ ಅವನದು ತಪ್ಪಿಲ್ಲ. ಆ ಓಟಕ್ಕೆ ಟ್ರ್ಯಾಪಿನ ಬಳಿ ಉತ್ತರವಿಲ್ಲ. ಅವನ ಜೊತೆಗೆ ಓಡಿಬರುವ ರಕ್ಷಣಾ ತಂಡದ ಮಿಡ್‌ಫೀಲ್ಡರ್, ಪೆನಾಲ್ಟಿ ಬಾಕ್ಸಿನ ಹೊರಗೆ ಕಾಲ್ಬೆರಳ ಮೇಲೆ ನಿಂತಿರುವ ಗೋಲ್‌ಕೀಪರ್, ಇವರಿಬ್ಬರೇ ಅದನ್ನು ತಡೆಯಬೇಕು.